ಸೊನ್ನೆಯಲ್ಲಿರದ ಸೂಜಿ

ಜನಕಪುರಿಯ ಆ ಶಾಲೆಯ ಸ್ಟಾಫ್ ರೂಮಿನಲ್ಲಿ ಫಿಸಿಕ್ಸ್ ಟೀಚರ್ ವೈಜಯಂತಿ ಒಂದೇ ಉತ್ತರವನ್ನು ನಾಲ್ಕನೇ ಸಲ ಓದುತ್ತಿದ್ದರು. ತಲೆಬುಡ ತಿಳಿಯುತ್ತಿರಲಿಲ್ಲ. ಉತ್ತರ ಸರಿಯಾಗಿತ್ತು, ಕಷ್ಟ ಇದ್ದದ್ದೇ ಅಲ್ಲಿ. ಅದು ಸರಿಯಾಗಿರಲು ಸಾಧ್ಯವೇ ಇರಲಿಲ್ಲ.

ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಅವರು ಒಂದು ಫೋಟೋ ಕೊಟ್ಟಿದ್ದರು. ಬ್ಯಾಟರಿ, ಸ್ವಿಚ್ಚಿನ ಕೆಲಸ ಮಾಡುವ ಕೀ, ರಿಯೊಸ್ಟಾಟ್, ರೆಸಿಸ್ಟರ್, ಕರೆಂಟ್ ಅಳೆಯುವ ಅಮ್ಮೀಟರ್, ವೋಲ್ಟ್‌ಮೀಟರ್, ಪಕ್ಕದಲ್ಲಿ ಅದೇ ಮೀಟರುಗಳಿಂದ ಹಿಂದಿನ ದಿನ ತೆಗೆದ ರೀಡಿಂಗ್ ಬರೆದ ಹಾಳೆ. ಎರಡು ತಪ್ಪು ಹುಡುಕಿ ಎಂಬುದು ಪ್ರಶ್ನೆ. ಒಂದು, ಕರೆಂಟಿನ ಅಂಕಿಗಳ ಮೇಲೆ 'ವೋಲ್ಟ್' ಎಂದು ಬರೆದದ್ದು. ಇನ್ನೊಂದು, ಕೀ ತೆಗೆದಿಟ್ಟಿದ್ದರೂ ಅಮ್ಮೀಟರಿನ ಸೂಜಿ 0.1ರ ಮೇಲೆ ನಿಂತದ್ದು.

ಆ ಉತ್ತರ ಕೊಟ್ಟ ಲಾವಣ್ಯಾ ಹುಟ್ಟಾ ಕಣ್ಣು ಕಾಣದ ಹುಡುಗಿ. ಅವಳ ಪೇಪರಿನಿಂದ ಫೋಟೋ ತೆಗೆದು, ಅದರಲ್ಲಿರುವುದನ್ನು ವೈಜಯಂತಿಯೇ ಮಾತಿನಲ್ಲಿ ಬರೆದುಕೊಟ್ಟಿದ್ದರು. ಒಂಬತ್ತನೇ ಕ್ಲಾಸಿನ ಅದಿತಿ ಅದನ್ನು ಓದಿ ಹೇಳಿ, ಲಾವಣ್ಯಾ ಹೇಳಿದ್ದನ್ನು ಬರೆದಿದ್ದಳು. ಚಿತ್ರದ ಪ್ರಶ್ನೆ ಗೆದ್ದರೆ ಲಾವಣ್ಯಾಳಿಗೆ ಹನ್ನೊಂದನೇ ಕ್ಲಾಸಿನಲ್ಲಿ ಫಿಸಿಕ್ಸ್, ಇಲ್ಲದಿದ್ದರೆ ಸಂಗೀತ ಎಂದು ಪ್ರಿನ್ಸಿಪಾಲ್ ಮೊದಲೇ ಹೇಳಿಬಿಟ್ಟಿದ್ದರು.

ಆದರೆ ವೈಜಯಂತಿ ಬರೆದ ವಿವರಣೆಯಲ್ಲಿ, 'ಕೀ ತೆಗೆದಿದೆ, ಅಮ್ಮೀಟರಿನ ಸೂಜಿ ಸೊನ್ನೆಯಲ್ಲಿದೆ' ಎಂದಿತ್ತು! ಲಾವಣ್ಯಾಳ ಉತ್ತರದಲ್ಲಿ, 'ಸೂಜಿ ಸೊನ್ನೆಯಲ್ಲಿ ಇರಲಿಲ್ಲ, 0.1ರಲ್ಲಿತ್ತು' ಎಂದು.

"ಇದಕ್ಕೇನು ತಲೆ ಕೆಡಿಸ್ಕೋತೀರಿ ಮೇಡಂ?" ಎಂದರು ಪರೀಕ್ಷೆಯ ಉಸ್ತುವಾರಿ ಮುರಳೀಧರ. "ಆ ಅದಿತಿ ಎಲ್ಲೋ ಬೇರೆ ಹುಡುಗರ ಪೇಪರ್ ನೋಡಿದಾಳೆ, ಹೇಳಿಕೊಟ್ಟಿದಾಳೆ. ಕಾಪಿ, ಸೀದಾ ಕಾಪಿ. ಪ್ರಿನ್ಸಿಪಾಲ್‌ಗೆ ಇವತ್ತೇ ತಿಳಿಸ್ತೀನಿ."

"ಅಚ್ಛಾ, ಒಂದು ಪಿರಿಯಡ್ ತಡೀರಿ ಸರ್."

ಕಾಪಿಯಲ್ಲದೆ ಮತ್ತೇನು? ಆದರೆ ಸೊನ್ನೆ ಎಂದು ಬರೆದವರು ತಾವಲ್ಲವೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಅವರ ಪಾಡು. ಆ ಸಾಲು ಬರೆದದ್ದು ನೆನಪಿದೆ. ಫೋಟೋ ಎದುರಿಗೇ ಇತ್ತು. ಹಾಗಾದರೆ ಸೊನ್ನೆ ಎಲ್ಲಿಂದ ಬಂತು? ಲ್ಯಾಬಿಗೆ ಹೋಗಿ ಲಾವಣ್ಯಾಳನ್ನು ಕರೆಸಿದರು.

"ನಿನ್ನ ಪೇಪರಲ್ಲಿ ಸೂಜಿ ಎಲ್ಲಿದೆ ಅಂತಿತ್ತು?"

"ಸೊನ್ನೆ, ಮ್ಯಾಮ್."

"ಮತ್ತೆ 0.1 ಅಂತ ಯಾರು ಹೇಳಿದ್ರು?"

"ರೀಡಿಂಗು." ಹುಡುಗಿ ಮೇಜಿನ ಮೇಲೆ ಬೆರಳಾಡಿಸುತ್ತ ಹೇಳಿದಳು. "ಒಂದು ವೋಲ್ಟ್‌ಗೆ 0.3, ಎರಡಕ್ಕೆ 0.5, ಮೂರಕ್ಕೆ 0.7. ವೋಲ್ಟನ್ನ ಕರೆಂಟಿನಿಂದ ಭಾಗಿಸಿದ್ರೆ ಪ್ರತಿ ಸಲ ಬೇರೆ ಬೇರೆ ಬರತ್ತೆ. ರೆಸಿಸ್ಟರ್ ಅಂತೂ ಅದೇ, ಬದಲಾಗಿಲ್ಲ. ಆದ್ರೆ ಒಂದೊಂದು ವೋಲ್ಟ್ ಏರಿದಾಗ್ಲೂ ಕರೆಂಟು 0.2 ಅಷ್ಟೇ ಏರತ್ತೆ. ಅಂದ್ರೆ ಒಂದಕ್ಕೆ 0.2 ಬರ್ಬೇಕಿತ್ತು. ಎಲ್ಲದ್ರಲ್ಲೂ 0.1 ಜಾಸ್ತಿ. ಅದನ್ನ ಕಳೆದ್ರೆ ಮೂರೂ ಸಲ ಐದೇ ಓಮ್. ಶುರುವಿನಲ್ಲೇ ಸೂಜಿ ಮುಂದಿತ್ತು, ಮ್ಯಾಮ್."

ವೈಜಯಂತಿ ಬೆರಳು ಮಡಿಸುತ್ತ ಲೆಕ್ಕ ಹಾಕಿದರು. ಐದು, ಐದು, ಐದು. ಆಗ ಹೊಳೆಯಿತು. ವರ್ಷಗಟ್ಟಲೆ ಮಕ್ಕಳಿಗೆ ಹೇಳಿ ಬರೆಸಿದ ಸಾಲು ಅದು: 'ಕೀ ತೆಗೆದಿದೆ, ಸೂಜಿ ಸೊನ್ನೆಯಲ್ಲಿದೆ.' ಫೋಟೋ ನೋಡುತ್ತಿದ್ದ ಕಣ್ಣು ಅಲ್ಲೇ ಇತ್ತು, ಕೈ ಮಾತ್ರ ರೂಢಿಯ ದಾರಿ ಹಿಡಿದಿತ್ತು. ತಪ್ಪು ಹುಡುಕಲು ಕೊಟ್ಟ ಚಿತ್ರದ ತಪ್ಪನ್ನು ಅವರೇ ತಿದ್ದಿಬಿಟ್ಟಿದ್ದರು. ಮೇಷ್ಟರಿಗೆ ಮಾತ್ರ ಬರುವ ರೋಗ ಇದು.

"ಅಲ್ವೇ, ಪೇಪರ್ರೇ ತಪ್ಪು ಅಂತ ಅಲ್ಲೇ ಯಾಕೆ ಹೇಳ್ಲಿಲ್ಲ?"

"ನೀವು ಬರೆದದ್ದಲ್ವಾ. ನನ್ನ ಲೆಕ್ಕಾನೇ ತಪ್ಪು ಅಂತ ಎಷ್ಟೋ ಹೊತ್ತು ಕನ್‌ಫ್ಯೂಸ್ ಆಗಿ ಕೂತಿದ್ದೆ. ಅದಿತಿ ಹತ್ರ ಸೂಜಿ ಸಾಲು ಮತ್ತೆ ಮತ್ತೆ ಓದಿಸ್ದೆ. ಅವಳಿಗೆ ಕೋಪಾನೇ ಬಂತು."

ಬಾಗಿಲಲ್ಲಿ ಮುರಳೀಧರ ನಿಂತಿದ್ದರು. "ಚಲೋ ಮೇಡಂ, ಪ್ರಿನ್ಸಿಪಾಲ್ ಕಾಯ್ತಿದಾರೆ. ಕಾಪಿ ಅಂತ ಬರೀಲಾ?"

"ಬರೀರಿ ಸರ್. ಹೊಡೆದದ್ದು ಮಾತ್ರ ನಾನು. ಚಿತ್ರ ಸರಿಯಾಗಿ ನೋಡದೇ ನನ್ನ ಹಳೇ ಪಾಠಾನೇ ಕಾಪಿ ಹೊಡೆದೆ. ಈ ಮಗು ನನ್ನ ತಪ್ಪನ್ನೂ ಸೇರಿಸಿ ಕಂಡುಹಿಡಿದಿದಾಳೆ. ಪ್ರಿನ್ಸಿಪಾಲ್‌ಗೆ ಇದನ್ನ ನಾನೇ ಬಂದು ಹೇಳ್ತೀನಿ, ಹನ್ನೊಂದರ ಫಿಸಿಕ್ಸ್ ವಿಷಯಾನೂ ಸೇರಿಸಿ."

ಮುರಳೀಧರ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ಎಲ್ಲಿ ತಪ್ಪಾಯಿತೆಂದು ಅವರಿಗಿನ್ನೂ ಅರ್ಥವಾಗಿರಲಿಲ್ಲ.

ಲಾವಣ್ಯಾಳ ಕೈಗೆ ಮೇಜಿನ ಮೇಲಿದ್ದ ಅಮ್ಮೀಟರ್ ಸಿಕ್ಕಿತು. ತಂತಿ ಒಂದೂ ಸೇರಿಸಿರಲಿಲ್ಲ. ಗಾಜಿನ ಮೇಲೆ ಬೆರಳಿಟ್ಟು ಕೇಳಿದಳು. "ಇದ್ರಲ್ಲಿ ಸೂಜಿ ಎಲ್ಲಿದೆ, ಮ್ಯಾಮ್?"

ಸೊನ್ನೆ ಎಂಬ ಮಾತು ವೈಜಯಂತಿಯ ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡರು.

"ತಡಿ ಪುಟ್ಟ," ಎಂದು ಕನ್ನಡಕ ಹಾಕಿಕೊಂಡು ಬಗ್ಗಿದರು. "ನೋಡಿ ಹೇಳ್ತೀನಿ."