ಯಶೋಧಕ್ಕನ ಕರಪತ್ರದ ಫೋಟೋ

ಕಳೆದ ಚುನಾವಣೆಯಲ್ಲಿ ಯಶೋಧಕ್ಕನ ಕರಪತ್ರ ನೋಡಿ ರಾಜೀವನಗರದ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಯಾವುದೋ ಸ್ಟುಡಿಯೋದವನು ಹುಬ್ಬಿಗೆ ಕಪ್ಪು ಮೆತ್ತಿ, ತುಟಿಯ ಸುತ್ತ ಗೆರೆ ಎಳೆದು, ಕಣ್ಣನ್ನು ಟ್ಯೂಬ್‌ಲೈಟಿನಂತೆ ಬೆಳಗಿಸಿದ್ದ. ಮಹಿಳಾ ಸಹಕಾರ ಸಂಘದಲ್ಲಿ ಅವರಿಗೆ ಎದುರು ನಿಂತಿದ್ದವಳು ಶಿಲ್ಪಶ್ರೀ. ಬ್ಯೂಟಿ ಪಾರ್ಲರ್ ನಡೆಸುವವಳು. ಕರಪತ್ರವನ್ನು ಎತ್ತಿ ಹಿಡಿದು, "ಯಶೋಧಕ್ಕ, ಧಾರೆ ಮುಹೂರ್ತ ಎಷ್ಟೊತ್ತಿಗೆ?" ಎಂದು ತುಂಬಿದ ಸಭೆಯಲ್ಲೇ ಕೇಳಿದ್ದಳು.

ಈ ಸಲ ಯಶೋಧಕ್ಕ ಸರಸ್ವತಿಪುರಂವರೆಗೂ ಆಟೋದಲ್ಲಿ ಬಂದು ಗುರುಮಲ್ಲಪ್ಪನ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದರು. ಫೋಟೋ ತಿದ್ದುವ ಭಾನುಪ್ರಿಯಾಳ ಪಕ್ಕದಲ್ಲಿ ಕುರ್ಚಿ ಎಳೆದು ಕುಳಿತರು.

"ನೋಡು ಕಣಮ್ಮ, ಫೋಟೋದಲ್ಲಿ ನಾನೇ ಇರ್ಬೇಕು. ಒಸಿ ಲಕ್ಷಣವಾಗಿರ್ಬೇಕು. ಆದ್ರೆ ಯಾರೋ ಕೈಯಾಡಿಸವ್ರೆ ಅಂತ ಗೊತ್ತಾಗ್ಬಾರ್ದು. ಆ ಶಿಲ್ಪಶ್ರೀ ಈ ಸಲಾನೂ ಎದುರು ನಿಂತವ್ಳೆ, ದಿನಬೆಳಗಾದ್ರೆ ಹುಬ್ಬು ನೋಡೋಳು. ಮತ್ತೆ ನಗೋ ಹಂಗಾದ್ರೆ ನಾನು ಚುನಾವಣೆ ಸಹವಾಸಾನೇ ಬುಟ್ಬುಡ್ತೀನಿ."

"ಆಗ್ಲಿ ಅಕ್ಕ, ಸಂಜೆ ಬನ್ನಿ," ಎಂದಳು ಭಾನುಪ್ರಿಯಾ.

ಮುಖದಲ್ಲಿ ತಿದ್ದಬೇಕಾದ್ದು ಮೂರೇ. ಹುಬ್ಬಿನ ಬಾಲ ಸವೆದಿತ್ತು. ಎಲೆ ಅಡಿಕೆ ಹಾಕುವ ಬಾಯಾದ್ದರಿಂದ ತುಟಿಯ ಕೆಂಪು ಅಂಚು ದಾಟಿ ಮೂಲೆಯಲ್ಲಿ ಹರಡಿತ್ತು. ಕಣ್ಣು ನಿದ್ದೆಗೆಟ್ಟಂತೆ ಮಂಕಾಗಿತ್ತು. ಭಾನುಪ್ರಿಯಾ ಪರದೆಯ ತುಂಬ ಒಂದೇ ಕಣ್ಣು ಬರುವಷ್ಟು ದೊಡ್ಡದು ಮಾಡಿಕೊಂಡು ಮನಸ್ಸಿಟ್ಟು ಕೆಲಸ ಮಾಡಿದಳು. ಎರಡು ಹುಬ್ಬೂ ಅಳತೆ ಹಿಡಿದಂತೆ ಒಂದೇ ಸಮ. ತುಟಿಯ ಅಂಚು ಚೊಕ್ಕ. ಕಣ್ಣಿನ ಬಿಳಿ ಅಚ್ಚ ಬಿಳಿ. ತನ್ನ ಕೈಚಳಕಕ್ಕೆ ತಾನೇ ಮೆಚ್ಚಿದಳು.

ಆಮೇಲೆ ಚಿತ್ರವನ್ನು ಕರಪತ್ರದ ಅಳತೆಗೆ ಇಳಿಸಿದಳು. ಪುಟ್ಟ ಚೌಕದೊಳಗಿಂದ ಲಿಪ್‌ಸ್ಟಿಕ್ ಹಚ್ಚಿಕೊಂಡ ಹೆಂಗಸೊಬ್ಬಳು ಹಾವು ಕಂಡವಳಂತೆ ಕಣ್ಣರಳಿಸಿ ನೋಡುತ್ತಿದ್ದಳು.

"ಸೂಪರ್!" ಎಂದ ಹಿಂದೆ ಬಂದು ನಿಂತ ಗುರುಮಲ್ಲಪ್ಪ. "ಕೊಟ್ಟ ಕಾಸಿಗೆ ಕೆಲಸ ಕಾಣ್ಬೇಕು ಕಣಮ್ಮ."

"ಇವರಿಗೆ ಕಾಣಬಾರದಂತೆ ಸಾರ್."

"ಕಾಣದಿರೋ ಕೆಲಸಕ್ಕೆ ನಾನು ಬಿಲ್ ಎಂಗೆ ಹಾಕ್ಲಿ?" ಎಂದು ಗೊಣಗುತ್ತ ಅವನು ಟೀ ಕುಡಿಯಲು ಹೋದ.

ತಿದ್ದಿದ್ದೆಲ್ಲ ಮೂಲ ಫೋಟೋದ ಮೇಲೆ ಬೇರೆ ಬೇರೆ ಪದರಗಳಲ್ಲಿತ್ತು. ಭಾನುಪ್ರಿಯಾ ಅವನ್ನೆಲ್ಲ ಅಳಿಸಿ ಮೊದಲಿನಿಂದ ಶುರು ಮಾಡಿದಳು. ಹುಬ್ಬಿಗೆ ಬಣ್ಣ ತುಂಬಲಿಲ್ಲ. ಅದೇ ಹುಬ್ಬಿನ ಕಂದು ಬಣ್ಣ ತೆಗೆದುಕೊಂಡು, ಕೂದಲು ವಾಲಿದ ದಿಕ್ಕಿಗೇ, ಖಾಲಿ ಇದ್ದಲ್ಲಿ ಮಾತ್ರ ಕೂದಲಿನಂಥ ಗೀರುಗಳನ್ನು ಎಳೆದಳು. ಎಡಹುಬ್ಬು ಬಲಹುಬ್ಬಿಗಿಂತ ತುಸು ಮೇಲಿತ್ತು. ಅದು ಹಾಗೇ ಇರಲೆಂದು ಬಿಟ್ಟಳು. ತುಟಿಯಿಂದಾಚೆ ಹರಡಿದ್ದ ಕೆಂಪಿಗೆ ಪಕ್ಕದ ಚರ್ಮದ ಬಣ್ಣ ಕೊಟ್ಟಳು, ಚರ್ಮದ ನವಿರುಗೆರೆ ಅಳಿಯದಂತೆ. ಅಂಚು ಮಾಸಿದ್ದ ಕಡೆ ತುಟಿಯದೇ ಬಣ್ಣವನ್ನು ಮೃದುವಾದ ಬ್ರಷ್‌ನಲ್ಲಿ ತಂದು ಸೇರಿಸಿದಳೇ ಹೊರತು ಗೆರೆ ಎಳೆಯಲಿಲ್ಲ. ಎಲೆ ಅಡಿಕೆಯ ಕೆಂಪನ್ನು ತುಟಿಯ ನಡುವೆ ಉಳಿಸಿದಳು. ಅದಿಲ್ಲದೆ ಯಶೋಧಕ್ಕ ಯಶೋಧಕ್ಕನೇ ಅಲ್ಲ.

ಕಣ್ಣಿಗೆ ಇನ್ನೂ ಕಡಿಮೆ. ಬಿಳಿಯಲ್ಲಿದ್ದ ಕೆಂಪನ್ನು ಸ್ವಲ್ಪ ತಗ್ಗಿಸಿ, ರೆಪ್ಪೆಯ ನೆರಳನ್ನು ಮುಟ್ಟದೆ ಬಿಟ್ಟಳು. ದೀಪದ ಹೊಳಪು ಪಾಪೆಯ ಮೇಲ್ಭಾಗದಲ್ಲಿ ಬಿದ್ದಿತ್ತು. ಅದರೆದುರಿನ ಕೆಳಭಾಗವನ್ನು ಒಂದಿಷ್ಟು ತಿಳಿಯಾಗಿಸಿದಳು. ಕೊನೆಗೆ ಎಲ್ಲ ಪದರಗಳ ಗಾಢತೆಯನ್ನೂ ಇನ್ನಷ್ಟು ಇಳಿಸಿದಳು.

ಸಂಜೆ ಯಶೋಧಕ್ಕ ಬಂದು ಫೋಟೋ ನೋಡಿದರು. "ಏನ್ ಮಾಡಿದೀಯಮ್ಮ? ಏನೂ ಮಾಡಿಲ್ವಲ್ಲ!"

ಭಾನುಪ್ರಿಯಾ ಪದರಗಳನ್ನು ಒಮ್ಮೆ ಮರೆಮಾಡಿ ಮೂಲ ಫೋಟೋ ತೋರಿಸಿದಳು. ಯಶೋಧಕ್ಕ ಹಿಂದಕ್ಕೆ ಸರಿದರು. "ಅಯ್ಯೋ, ಮುಚ್ಚು ಮುಚ್ಚು! ಅದ್ಯಾವುದದು ಹೆಣದ ಮುಖ!"

ಆದರೂ ಭಾನುಪ್ರಿಯಾಳಿಗೆ ಸಮಾಧಾನವಿಲ್ಲ. ಕರಪತ್ರ ಹಂಚಿದ ಮೇಲೆ, ದಾರದಲ್ಲಿ ಹುಬ್ಬು ತೀಡಿಸಿಕೊಳ್ಳುವ ನೆಪದಲ್ಲಿ ಶಿಲ್ಪಶ್ರೀಯ ಪಾರ್ಲರಿಗೇ ಹೋಗಿ ಕುಳಿತಳು. ಕನ್ನಡಿಯ ಪಕ್ಕದಲ್ಲಿ ಯಶೋಧಕ್ಕನ ಕರಪತ್ರ ಬಿದ್ದಿತ್ತು.

"ಚರ್ಮ ಬಿಗಿಯಾಗಿ ಹಿಡ್ಕೊಳಮ್ಮ," ಎಂದು ಶಿಲ್ಪಶ್ರೀ ದಾರದ ತುದಿ ಕಚ್ಚಿಕೊಂಡಳು. ಭಾನುಪ್ರಿಯಾ ಒಂದು ಕೈಯನ್ನು ಹುಬ್ಬಿನ ಮೇಲೂ ಇನ್ನೊಂದನ್ನು ರೆಪ್ಪೆಯ ಮೇಲೂ ಇಟ್ಟು ಹಿಡಿದಳು. ಪಕ್ಕದ ಕುರ್ಚಿಯ ಹೆಂಗಸು ಕರಪತ್ರ ಎತ್ತಿಕೊಂಡು, "ಈ ಸಲಾನೂ ಮೇಕಪ್ಪೇನೆ ಶಿಲ್ಪಾ?" ಎಂದಳು.

ಶಿಲ್ಪಶ್ರೀ ದಾರ ಬಿಟ್ಟು, ಕರಪತ್ರವನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. ಓರೆ ಮಾಡಿ ನೋಡಿದಳು. ಬೆಳಕಿಗೆ ಹಿಡಿದು ನೋಡಿದಳು.

"ಇಲ್ಲ ಕಣ್ರೀ. ಹುಬ್ಬು ಸೊಟ್ಟಗೇ ಐತೆ. ಬಾಯಲ್ಲಿ ಎಲೆ ಅಡಿಕೆನೂ ಹಂಗೇ ಐತೆ. ಈಯಮ್ಮ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಹೋಗವ್ರೆ, ಅಷ್ಟೇಯ."

ಕರಪತ್ರ ಕೆಳಗಿಟ್ಟಳು. ಆಮೇಲೆ ದಾರ ಮತ್ತೆ ಕಚ್ಚಿಕೊಳ್ಳುತ್ತ ಕೇಳಿದಳು: "ಎಲ್ಲಿ ತೆಗೆಸಿದ್ರಂತೆ? ನನ್ನ ಕರಪತ್ರ ಇನ್ನೂ ಆಗಿಲ್ಲ."

ದಾರ ಹುಬ್ಬಿಗೆ ತಾಗಿದ್ದೇ ತಡ, ಭಾನುಪ್ರಿಯಾಳ ಕಣ್ಣಲ್ಲಿ ಬಳಬಳ ನೀರು ಸುರಿಯಿತು. ದಾರದ ಉರಿಯೋ ತಡೆಹಿಡಿದ ನಗುವೋ! ಕೈ ಎರಡೂ ಹುಬ್ಬು ಹಿಡಿದಿದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ.