ನಲವತ್ತು ಮನೆಯ ಬಜೆಟ್

ನಮ್ಮ ಬೀದಿ ಸಂಘದ ಮೊದಲ ಬಜೆಟ್ಟನ್ನು ಅಧ್ಯಕ್ಷರು ಹೊಸ ನೋಟ್‌ಬುಕ್ಕಿನಲ್ಲಿ ಬರೆದು ತಂದಿದ್ದರು. ಕೆಂಪು ಗೆರೆಗಳೇನೋ ನೆಟ್ಟಗಿದ್ದವು. ಆದಾಯ: ನಲವತ್ತು ಮನೆ, ತಿಂಗಳಿಗೆ ನೂರರಂತೆ ವರ್ಷಕ್ಕೆ ನಲವತ್ತೆಂಟು ಸಾವಿರ. ಖರ್ಚು: ಕಾವಲುಗಾರನ ಸಂಬಳ ಮೂವತ್ತಾರು ಸಾವಿರ, ಬೀದಿ ದೀಪಕ್ಕೆ ಆರು ಸಾವಿರ. ಉಳಿದ ಆರು ಸಾವಿರದಲ್ಲಿ ಅವರದೇ ಹೆಸರು ಕೆತ್ತಿದ ಕಲ್ಲಿನ ಫಲಕ.

ಚಂದಾ ಎತ್ತುವ ದರ್ಜಿ ಅಕ್ಕ ರಸೀದಿ ಪುಸ್ತಕ ತಿರುವಿದಳು. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲೀಬೇಡಿ ಅಣ್ಣ. ಕೊಡೋದು ಇಪ್ಪತ್ಮೂರೇ ಮನೆ. ವರ್ಷಕ್ಕೆ ಇಪ್ಪತ್ತೇಳು ಸಾವಿರದ ಆರುನೂರು. ಕಾವಲುಗಾರನ ಸಂಬಳಕ್ಕೇ ಸಾಲಲ್ಲ."

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಕೊಡದೇ ಇರೋರು ಬೀದಿಗೇ ಕಳಂಕ. ಅವರ ಹೆಸರು ಓದಮ್ಮ, ಎಲ್ಲರಿಗೂ ಕೇಳಲಿ."

ಅಕ್ಕ ಮೊದಲ ಹೆಸರು ಓದಿದಳು. ಫಲಕದಲ್ಲಿ ಕೆತ್ತಿಸಬೇಕೆಂದಿದ್ದ ಹೆಸರೇ ಅದು.