ಬಿಚ್ಚದ ರಿಂಗು

ಗೆಳತಿ ಪ್ರಮೋದಾ ಮದುವೆಯಾಗಿ ಹಿಂದೂಪುರಕ್ಕೆ ಹೋದದ್ದು ತೊಂಬತ್ತೊಂದರಲ್ಲಿ. ಅಲ್ಲಿಯವರೆಗೆ ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ, ಮಗ್ಗಗಳ ಸದ್ದಿನ ನಡುವೆ, ನಾವಿಬ್ಬರೂ ಒಂದೇ ಜಗಲಿಯಲ್ಲಿ ಕೂತು ಸೀರೆಗಳಿಗೆ ಕಸೂತಿ ಹಾಕುತ್ತಿದ್ದೆವು. ಹೊರಡುವ ಮುನ್ನಾದಿನ ಅವಳು ನನ್ನ ರೇಷ್ಮೆ ಸೀರೆಯ ಸೆರಗನ್ನು ತನ್ನ ಕಸೂತಿ ರಿಂಗಿನ ಎರಡು ಬಳೆಗಳ ನಡುವೆ ಸ್ಕ್ರೂ ತಿರುಗಿಸಿ ಬಿಗಿದು, ಅದರಲ್ಲಿ ಐದೆಸಳಿನ ಹೂವೊಂದನ್ನು ಶುರುಮಾಡಿ, ಮೂರೆಸಳು ಮುಗಿಸಿ, "ಮಿಕ್ಕಿದ್ದು ಬಂದು ಹಾಕ್ತೀನಿ, ನೀನು ಮುಟ್ಬೇಡ" ಅಂದಳು.

ನಾನು ಅದಕ್ಕೆ ಸೂಜಿ ತಾಗಿಸಲಿಲ್ಲ. ರಿಂಗನ್ನೂ ಬಿಚ್ಚಲಿಲ್ಲ. ಎಡವಟ್ಟಾದದ್ದು ಅಲ್ಲೇ.

ಸಂಜೆ ಕೆಲಸ ಮುಗಿದ ಮೇಲೆ ರಿಂಗು ಬಿಚ್ಚಿಡಬೇಕೆಂದು ನನಗೆ ಗೊತ್ತಿರಲಿಲ್ಲವೇ? ಗಿರಾಕಿಗಳ ಬಟ್ಟೆಗಳಿಂದ ದಿನಾ ಬಿಚ್ಚುತ್ತಿದ್ದೆ. ಗುರುತು ಬೀಳದಿರಲೆಂದು ಒಳಬಳೆಗೆ ಹಳೇ ಪಂಚೆಯ ಪಟ್ಟಿ ಸುತ್ತುತ್ತಿದ್ದೆ. ಇದೊಂದನ್ನು ಬಿಚ್ಚಲು ಮಾತ್ರ ಕೈ ಬರಲಿಲ್ಲ. ಅದು ಅವಳು ಬಿಗಿದ ಸ್ಕ್ರೂ. ಬಟ್ಟೆ ಸಡಿಲವಾದಾಗಲೆಲ್ಲ ಮೂಲೆ ಹಿಡಿದು ಜಗ್ಗಿ, ಬೆರಳಿನಿಂದ ತಟ್ಟುತ್ತಿದ್ದೆ. ತಮಟೆಯ ಹಾಗೆ ಡಬ್ ಎಂದರೆ ಅವಳು ಬಂದೇ ಬರುತ್ತಾಳೆ ಅನ್ನಿಸುತ್ತಿತ್ತು. ಹುಚ್ಚು ನನಗೆ.

ಬಂದಳು, ಮೂರು ವರ್ಷದ ಮೇಲೆ. ಅದೂ ಸಂಜೆಯ ಗಾಡಿಗೆ ವಾಪಸ್ಸು. ಕಾಫಿಗೂ ಮುಂಚೆ ಸೆರಗನ್ನು ಅವಳ ಕೈಗಿಟ್ಟೆ.

ಅವಳ ಮುಖ ಇಳಿಯಿತು. "ಲೇ ಅರುಣಾ, ಅವತ್ತಿಂದ ಬಿಚ್ಚೇ ಇಲ್ವೇನೇ?"

ಸ್ಕ್ರೂ ಸಡಿಲಿಸಿದ್ದೇ ತಡ, ಮೂರೆಸಳೂ ಸೊಟ್ಟಗೆ ಮುದುರಿಕೊಂಡವು. ಸುತ್ತಲೂ ರಿಂಗಿನ ಗುರುತು ಎದ್ದು ಕಾಣುತ್ತಿತ್ತು.

"ಮೂಲೆ ಹಿಡ್ದು ಓರೆಗೆ ಎಳ್ದಿದ್ದೀಯ. ನೇಕಾರರ ಮಗಳಾಗಿ! ಹಾಸಿನ ನೇರಕ್ಕೊಂದ್ಸಲ, ಹೊಕ್ಕಿನ ನೇರಕ್ಕೊಂದ್ಸಲ ಅಲ್ವೇನೇ ಎಳೆಯೋದು?"

ಕುದಿಯುವ ನೀರಿನ ಹಬೆ ತಾಗಿಸಿ, ಎಳೆಗಳ ನೇರಕ್ಕೆ ಮೆಲ್ಲಗೆ ಎಳೆದು ಎಳೆದು ಕೂರಿಸಿದಳು. ಬಟ್ಟೆ ಮುಕ್ಕಾಲು ಪಾಲು ನೆಟ್ಟಗಾಯಿತು. ಗುರುತು ಮಸುಕಾಯಿತೇ ಹೊರತು ಹೋಗಲಿಲ್ಲ. ಎಸಳುಗಳಂತೂ ಸರಿಯಾಗಲೇ ಇಲ್ಲ.

"ಈ ಎಸಳುಗಳನ್ನ ಬಿಚ್ಚಿ ಹೊಸದಾಗಿ ಹಾಕ್ಬೇಕು" ಎಂದು ಕತ್ತರಿ ತೆಗೆದಳು.

ಅವಳ ಕೈ ಹಿಡಿದುಕೊಂಡೆ. "ಬೇಡ ಕಣೇ. ಅದೂ ಹೋದ್ರೆ ನಿಂದು ಅಂತ ನನ್ನತ್ರ ಏನಿರುತ್ತೆ?"

ಅವಳು ಕತ್ತರಿ ಕೆಳಗಿಟ್ಟು, ಹೊಸ ಪಟ್ಟಿ ಸುತ್ತಿ, ರಿಂಗು ಹಾಕಿ ನಾಲ್ಕನೇ ಎಸಳು ಶುರುಮಾಡಿದಳು. ಪಕ್ಕದಲ್ಲಿ ಕೂತು ದಾರ ಪೋಣಿಸಿಕೊಟ್ಟೆ. ಹಳೆಯದೆಲ್ಲ ಮರಳಿ ಬಂದಂತಾಯಿತು, ಒಂದು ಎಸಳಿನಷ್ಟು ಹೊತ್ತು. ಸೊಟ್ಟ ಎಸಳುಗಳ ಮಗ್ಗುಲಲ್ಲಿ ಅದೊಂದು ನೆಟ್ಟಗೆ ಕೂತಿತು.

ಗಾಡಿಗೆ ಹೊತ್ತಾಯಿತು. "ಐದನೇದು?" ಎಂದೆ.

ಅವಳು ಸ್ಕ್ರೂ ಬಿಚ್ಚಿ, ಸೆರಗನ್ನು ನನ್ನ ಮಡಿಲಿಗಿಟ್ಟು, ರಿಂಗನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

"ಇದು ನನ್ನತ್ರಾನೇ ಇರ್ಲಿ. ತಗೊಂಡೇ ಬರ್ತೀನಿ."

ಅವಳು ಹೋದ ಮೇಲೆ ಅಭ್ಯಾಸಬಲದಿಂದ ಸೆರಗನ್ನು ಬೆರಳಿನಿಂದ ತಟ್ಟಿದೆ. ಸದ್ದು ಬರಲಿಲ್ಲ. ಬಿಗಿಮಾಡಲು ಅವಳ ರಿಂಗು ನನ್ನ ಬಳಿ ಉಳಿದಿರಲಿಲ್ಲ.